ಹಾಲು ಒಡೆಯದ ಬೆಲ್ಲದ ಕಾಫಿ: ಅಳತೆಯ ಪಾಕವೊಂದನ್ನು ಕಾಯಿಸಿದ ದಿನಚರಿ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಸಕ್ಕರೆಯ ಬದಲು ಬೆಲ್ಲ ಹಾಕಬೇಕೆಂಬ ಮಾತು ಹಲವು ಸಲ ಎದ್ದು, ಅಷ್ಟೇ ಸಲ ಒಡೆದ ಹಾಲಿನೊಂದಿಗೆ ಮುಗಿದುಹೋಗಿತ್ತು. ಈ ಬಾರಿ ಅದನ್ನು ಕ್ರಮವಾಗಿ ಮಾಡಿನೋಡಲು ನಿರ್ಧರಿಸಿ, 0.1 ಗ್ರಾಂ ವರೆಗೆ ತೋರಿಸುವ ಒಂದು ಚಿಕ್ಕ ತಕ್ಕಡಿಯನ್ನೂ ಒಂದು ಕಟ್ಟು ಪಿಎಚ್ ಕಾಗದವನ್ನೂ ತಂದಿಟ್ಟುಕೊಂಡೆ. ನನಗೆ ಬೇಕಾಗಿದ್ದುದು ಹಾಲನ್ನು ಒಡೆಸದ, ಒಂದು ಚಮಚದಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆಯೆಂದು ಖಚಿತವಾಗಿ ಹೇಳಬಹುದಾದ ಒಂದು ಬಾಟಲಿ ಬೆಲ್ಲದ ಪಾಕ. ಅದು ಕೈಗೆ ಬರುವ ಹೊತ್ತಿಗೆ ಮೂರು ಬಾಟಲಿ ಪಾಕವೂ ಸುಮಾರು ಎರಡು ಲೀಟರ್ ಹಾಲೂ ಖರ್ಚಾದವು.

ಮೊದಲು ತೂಕ

ಬದಲಾವಣೆ ಮಾಡುವ ಮುನ್ನ ಈಗ ನಡೆಯುತ್ತಿರುವುದೇನು ಎಂಬುದನ್ನು ತೂಗಿ ನೋಡಿದೆ. ಅಮ್ಮನ ಲೋಟಕ್ಕೆ 150 ಮಿಲಿಲೀಟರ್ ಕಾಫಿ ಹಿಡಿಯುತ್ತದೆ. ಅದರಲ್ಲಿ ಡಿಕಾಕ್ಷನ್ 40, ಉಳಿದ 110 ಹಾಲು. ಸಕ್ಕರೆ ಎಷ್ಟೆಂದು ಕೇಳಿದರೆ ಅವರ ಉತ್ತರ ಯಾವಾಗಲೂ ‘ಎರಡು ಚಮಚ’. ಅವರಿಗೆ ತಿಳಿಯದಂತೆ ಲೋಟವನ್ನು ತಕ್ಕಡಿಯ ಮೇಲಿಟ್ಟು ನೋಡಿದಾಗ ಆ ಎರಡು ಚಮಚ 13 ಗ್ರಾಂ ತೂಗಿತು. ಚಾಕುವಿನ ಬೆನ್ನಿನಿಂದ ಸಮತಟ್ಟಾಗಿ ಎಳೆದ ಅದೇ ಚಮಚದಲ್ಲಿ ಹಿಡಿಯುವುದು ಸ್ವಲ್ಪ ಹೆಚ್ಚುಕಡಿಮೆ 4 ಗ್ರಾಂ ಮಾತ್ರ. ಡಬ್ಬಿಯಿಂದ ಗೋಪುರದಂತೆ ಎತ್ತಿದ ಚಮಚ ಆರೂವರೆ ಗ್ರಾಂ ಹೊತ್ತು ತರುತ್ತದೆ. ಬಾಯಿಯಲ್ಲಿ ಎರಡು ಚಮಚವೆಂದದ್ದು ಲೋಟದಲ್ಲಿ ಮೂರು ಚಮಚಕ್ಕಿಂತ ಹೆಚ್ಚಾಗಿತ್ತು.

ದಿನಕ್ಕೆ ಮೂರು ಲೋಟವಾದರೆ 39 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ದಿನದ ಒಟ್ಟು ಶಕ್ತಿಯಲ್ಲಿ ಬಿಡಿ ಸಕ್ಕರೆಯ ಪಾಲು ಶೇಕಡಾ 10ನ್ನು ಮೀರಬಾರದು. 5ಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. 2000 ಕಿಲೋಕ್ಯಾಲರಿ ಊಟ ಮಾಡುವವರ ಲೆಕ್ಕದಲ್ಲಿ ಇವು 50 ಗ್ರಾಂ ಮತ್ತು 25 ಗ್ರಾಂ ಆಗುತ್ತವೆ. ಹಾಲಿನಲ್ಲಿ ಸಹಜವಾಗಿಯೇ ಇರುವ ಲ್ಯಾಕ್ಟೋಸ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ನಾವು ಮೇಲಿಂದ ಹಾಕುವ ಸಕ್ಕರೆ, ಬೆಲ್ಲ, ಜೇನುತುಪ್ಪ ಮತ್ತು ಸಿರಪ್ ನಾಲ್ಕೂ ಸೇರುತ್ತವೆ. ಜೇನುತುಪ್ಪವನ್ನೂ ಸಿರಪ್ಪನ್ನೂ ಆ ಮಾರ್ಗಸೂಚಿ ಹೆಸರಿಸಿಯೇ ಹೇಳುತ್ತದೆ. ಬೆಲ್ಲಕ್ಕೆ ಬದಲಾಯಿಸಿದ ಮಾತ್ರಕ್ಕೆ ಈ 39 ಗ್ರಾಂ ಕರಗಿಹೋಗದು ಎಂಬುದು ಹೀಗೆ ಮೊದಲ ದಿನವೇ ಸ್ಪಷ್ಟವಾಯಿತು.

ಮೊದಲ ಬಾಟಲಿ: ತೆಳುವಾದ ಪಾಕ

ಬೆಲ್ಲವನ್ನು ನೇರವಾಗಿ ಲೋಟಕ್ಕೆ ಹಾಕುವುದರಲ್ಲಿ ಎರಡು ತೊಂದರೆಗಳಿವೆ. ಅಚ್ಚು ಬೆಲ್ಲವನ್ನು ಕುಟ್ಟಿದರೆ ಒಂದು ಚಮಚ ಪುಡಿಯಾಗಿ, ಮತ್ತೊಂದು ಚಮಚ ಗಟ್ಟಿಯಾಗಿ ಬರುವುದರಿಂದ ಅಳತೆ ನಿಲ್ಲುವುದಿಲ್ಲ. ಜೊತೆಗೆ ಆಲೆಮನೆಯಿಂದ ಬಂದ ಬೆಲ್ಲದಲ್ಲಿ ಸಣ್ಣ ಮರಳೂ ಕಬ್ಬಿನ ಸಿಪ್ಪೆಯ ನಾರೂ ಇದ್ದೇ ಇರುತ್ತವೆ. ಆದ್ದರಿಂದ ಕರಗಿಸಿ ಸೋಸಿ ಪಾಕವಾಗಿ ಇಟ್ಟುಕೊಳ್ಳುವುದೇ ಸರಿಯೆಂದು ಅನಿಸಿತು.

200 ಗ್ರಾಂ ಬೆಲ್ಲವನ್ನು ತುರಿದು, ಅಷ್ಟೇ ತೂಕದ ನೀರಿನಲ್ಲಿ ಕರಗಿಸಿ, ಒಂದು ಕುದಿ ಬಂದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದೆ. ಬಟ್ಟೆಯ ಮೇಲೆ ಉಳಿದ ಮರಳನ್ನು ಕಂಡ ಅಮ್ಮ, ಇಷ್ಟು ವರ್ಷ ಇದನ್ನೇ ತಿಂದೆವಲ್ಲ ಎಂದು ತಣ್ಣಗೆ ಹೇಳಿದರು. ಬಾಟಲಿಯನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಮೊದಲ ಎರಡು ದಿನ ಎಲ್ಲವೂ ಸರಿಯಾಗಿತ್ತು. ಆರನೆಯ ದಿನ ಮುಚ್ಚಳ ತಿರುಗಿಸಿದಾಗ ಸಣ್ಣಗೆ ಗಾಳಿ ಹೊರಬಂದ ಶಬ್ದವಾಯಿತು. ಅಂಚಿನಲ್ಲಿ ಗುಳ್ಳೆಗಳಿದ್ದವು, ಹುಳಿ ಹಿಡಿದ ಕಬ್ಬಿನ ಹಾಲಿನ ವಾಸನೆ ಬರುತ್ತಿತ್ತು. ಅದರ ಒಂದು ಚಮಚವನ್ನು ಬಿಸಿ ಹಾಲಿಗೆ ಹಾಕಿದ ಕೂಡಲೇ ಹಾಲು ಒಡೆದು ನೀರು ಬೇರೆ, ಗಟ್ಟಿ ಬೇರೆಯಾಯಿತು.

ತಪ್ಪು ಎಲ್ಲಾಗಿತ್ತೆಂಬುದು ಲೆಕ್ಕ ಹಾಕಿದರೆ ಕಾಣುತ್ತದೆ. ಒಣಗಿದ ಒಳ್ಳೆಯ ಬೆಲ್ಲದಲ್ಲಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಎಲ್ಲವೂ ಸೇರಿ ಸುಮಾರು ಶೇಕಡಾ 90ರಷ್ಟು ಸಕ್ಕರೆಯ ಅಂಶ ಇರುತ್ತದೆಂದು ಹಿಡಿದೆ; ಉಳಿದುದು ತೇವ, ಲವಣ, ಮತ್ತಿತರ ಕಲ್ಮಶ. 200 ಗ್ರಾಂ ಬೆಲ್ಲದಿಂದ 180 ಗ್ರಾಂ ಸಕ್ಕರೆ ಸಿಕ್ಕಿತೆಂದುಕೊಂಡರೆ, ನನ್ನ ಪಾಕ 380 ಗ್ರಾಂ ತೂಗುತ್ತಿದ್ದುದರಿಂದ ಅದರ ಸಾಂದ್ರತೆ ಶೇಕಡಾ 47 ಮಾತ್ರ. ಅಷ್ಟು ನೀರಿದ್ದಲ್ಲಿ ಗಾಳಿಯಿಂದ ಬಂದ ಯೀಸ್ಟ್ ಆರಾಮವಾಗಿ ಬೆಳೆಯುತ್ತದೆ.

ಎರಡನೆಯ ಬಾಟಲಿ: ಒಂದೆಳೆ ಪಾಕ

ಮುಂದಿನ ಬಾರಿ ಹೆಚ್ಚು ಕಾಯಿಸಬೇಕೆಂದು ಹೊರಟು, ಉಂಡೆ ಕಟ್ಟುವವರ ಹಾಗೆ ಬೆರಳುಗಳ ನಡುವೆ ಒಂದೆಳೆ ಬರುವವರೆಗೆ ಕುದಿಸಿದೆ. ಇಳಿಸಿದಾಗ 235 ಗ್ರಾಂ ಇತ್ತು, ಅಂದರೆ ಸಕ್ಕರೆ ಶೇಕಡಾ 76ರ ಆಸುಪಾಸು. ಇದು ಕೆಡಲಿಲ್ಲ, ಆದರೆ ನಾಲ್ಕನೆಯ ದಿನಕ್ಕೆ ಬಾಟಲಿಯ ತಳದಲ್ಲಿ ಹರಳು ಕಟ್ಟಿತು. ಕೋಣೆಯ ಬಿಸಿಯಲ್ಲಿ ಸುಕ್ರೋಸ್ ನೀರಿನಲ್ಲಿ ಕರಗಿ ನಿಲ್ಲುವುದು ಸುಮಾರು ಶೇಕಡಾ 67ರವರೆಗೆ. ಬೆಲ್ಲದಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಈ ಮಿತಿಯನ್ನು ಸ್ವಲ್ಪ ಮೇಲಕ್ಕೆ ಸರಿಸುತ್ತವೆಯಾದರೂ 76ನ್ನು ಹಿಡಿದಿಡುವಷ್ಟು ಅಲ್ಲ. ಅಳತೆಯ ದೃಷ್ಟಿಯಿಂದ ಇದು ಹುಳಿ ಹಿಡಿದುದಕ್ಕಿಂತ ಕೆಟ್ಟ ದೋಷ, ಏಕೆಂದರೆ ಮೇಲಿನ ಚಮಚಕ್ಕೂ ತಳದ ಚಮಚಕ್ಕೂ ಸಕ್ಕರೆ ಬೇರೆಬೇರೆಯಾಗುತ್ತದೆ, ಮತ್ತು ಕುಡಿಯುವವರಿಗೆ ಅದು ಗೊತ್ತಾಗುವುದಿಲ್ಲ.

ಮೂರನೆಯ ಬಾಟಲಿ: ಎಳೆಯನ್ನಲ್ಲ, ತೂಕವನ್ನು ನೋಡಿ ಇಳಿಸಿದ್ದು

ಎರಡು ಸೋಲುಗಳ ನಡುವಿನ ಜಾಗ ಈಗ ತಿಳಿದಿತ್ತು. 180 ಗ್ರಾಂ ಸಕ್ಕರೆ 270 ಗ್ರಾಂ ಪಾಕದಲ್ಲಿದ್ದರೆ ಅದು ಮೂರರಲ್ಲಿ ಎರಡು ಪಾಲು, ಅಂದರೆ ಶೇಕಡಾ 66.7. ಹರಳು ಕಟ್ಟುವ ಗೆರೆಗೆ ತಾಗಿದಂತಿದ್ದು, ಯೀಸ್ಟ್ ಬೆಳೆಯಲು ಕಷ್ಟವಾಗುವಷ್ಟು ಗಟ್ಟಿಯಾಗಿರುತ್ತದೆ. ಲೆಕ್ಕಕ್ಕೂ ಇದು ಅನುಕೂಲ: 6 ಗ್ರಾಂ ಪಾಕದಲ್ಲಿ 4 ಗ್ರಾಂ ಸಕ್ಕರೆ.

ಪಾತ್ರೆಯನ್ನು ಖಾಲಿ ಇದ್ದಾಗಲೇ ತೂಗಿದೆ. ನನ್ನದು 412 ಗ್ರಾಂ. ಬೇರೊಂದು ಪಾತ್ರೆಯಲ್ಲಿ 200 ಗ್ರಾಂ ಬೆಲ್ಲವನ್ನು 130 ಗ್ರಾಂ ಬಿಸಿ ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಕುದಿಯುವ ಮುಂಚೆಯೇ ಬಟ್ಟೆಯ ಮೂಲಕ ತೂಕ ಗೊತ್ತಿದ್ದ ಪಾತ್ರೆಗೆ ಸೋಸಿದೆ. ಹಿಂದಿನ ಸಲ ನಾನು ಗಮನಿಸದ ಒಂದು ವಿಷಯ ಇಲ್ಲಿದೆ: ಬಟ್ಟೆ ಸುಮಾರು 10 ಗ್ರಾಂ ಪಾಕವನ್ನು ಹೀರಿಕೊಂಡುಬಿಡುತ್ತದೆ. ಅದನ್ನು ಎರಡು ಚಮಚ ಬಿಸಿ ನೀರಿನಿಂದ ತೊಳೆದು ಹಿಂಡಿ ಅದೇ ಪಾತ್ರೆಗೆ ಸೇರಿಸದಿದ್ದರೆ ಸಕ್ಕರೆಯ ಲೆಕ್ಕ ತಪ್ಪುತ್ತದೆ. ಆಮೇಲೆ ಮಧ್ಯಮ ಉರಿಯಲ್ಲಿ ಕುದಿಸುತ್ತ, ನಡುನಡುವೆ ಪಾತ್ರೆಯನ್ನು ಮರದ ಹಲಗೆಯ ಸಮೇತ ತಕ್ಕಡಿಗೆ ಏರಿಸಿ ನೋಡಿದೆ. ಹಲಗೆಯ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಂಡಿದ್ದೆ; ಹಲಗೆ ಇಲ್ಲದಿದ್ದರೆ ಬಿಸಿ ಪಾತ್ರೆ ತಕ್ಕಡಿಯ ಪ್ಲಾಸ್ಟಿಕ್ಕನ್ನು ಕರಗಿಸುತ್ತಿತ್ತು. ಒಟ್ಟು 682 ಗ್ರಾಂಗೆ ಇಳಿದಾಗ ಒಲೆ ಆರಿಸಿದೆ. ಎಂಟೊಂಬತ್ತು ನಿಮಿಷದ ಕೆಲಸ.

ಈ ಸಾಂದ್ರತೆಯ ಪಾಕ ನೀರಿಗಿಂತ ಮೂರನೆಯ ಒಂದರಷ್ಟು ಹೆಚ್ಚು ತೂಗುವುದರಿಂದ 5 ಮಿಲಿಲೀಟರಿನಲ್ಲಿ 6.6 ಗ್ರಾಂ ಪಾಕ, ಅದರೊಳಗೆ 4.4 ಗ್ರಾಂ ಸಕ್ಕರೆ ಇರುತ್ತದೆ. ಅಳೆಯಲು ಕೆಮ್ಮಿನ ಔಷಧದ ಬಾಟಲಿಯೊಂದಿಗೆ ಬರುವ, 2.5, 5 ಮತ್ತು 10ರ ಗೆರೆಗಳಿರುವ ಪ್ಲಾಸ್ಟಿಕ್ ಮುಚ್ಚಳವನ್ನು ತೊಳೆದಿಟ್ಟುಕೊಂಡೆ. ಅದರ ಗೋಡೆಗೆ ಅಂಟಿದ ಪಾಕವನ್ನು ಒಂದಿಷ್ಟು ಬಿಸಿ ಡಿಕಾಕ್ಷನ್ ಸುರಿದು ತೊಳೆದು ಲೋಟಕ್ಕೆ ಹಾಕಿದರೆ ಅಳತೆ ಪೂರ್ತಿಯಾಗುತ್ತದೆ. ಬೆಲ್ಲ ತೇವವಾಗಿದ್ದರೆ ಅದರಲ್ಲಿ ಸಕ್ಕರೆ 90ಕ್ಕಿಂತ ಕಡಿಮೆ ಇದ್ದು ಈ 4.4 ಸ್ವಲ್ಪ ಇಳಿಯುತ್ತದೆ. ನೂರಕ್ಕೆ ಐದರಷ್ಟು ತಪ್ಪನ್ನು ನಾನು ಒಪ್ಪಿಕೊಂಡಿದ್ದೇನೆ. ಗೋಪುರದ ಚಮಚದಲ್ಲಿದ್ದ ತಪ್ಪು ನೂರಕ್ಕೆ ಐವತ್ತಕ್ಕಿಂತ ಹೆಚ್ಚಾಗಿತ್ತು.

ಹಾಲು ಏಕೆ ಒಡೆಯುತ್ತದೆ

ಪಾಕ ಸರಿಹೋದರೂ ಹಾಲಿನ ಪ್ರಶ್ನೆ ಉಳಿದಿತ್ತು. ಹಾಲಿನ ಕೇಸೀನ್ ಎಂಬ ಪ್ರೋಟೀನು ಸಣ್ಣ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ತಾಜಾ ಹಾಲಿನ ಪಿಎಚ್ 6.7ರ ಹತ್ತಿರ. ತಣ್ಣಗಿರುವ ಹಾಲು ಒಡೆಯಬೇಕಾದರೆ ಹುಳಿ ಬಹಳವೇ ಬೇಕು, ಪಿಎಚ್ 4.6ರ ಸಮೀಪಕ್ಕೆ ಇಳಿಯಬೇಕು. ಆದರೆ ಹಾಲು ಬಿಸಿಯಾದಷ್ಟೂ ಅದು ತಾಳಿಕೊಳ್ಳುವ ಹುಳಿ ಕಡಿಮೆಯಾಗುತ್ತ ಹೋಗುತ್ತದೆ. ಕುದಿಯುವ ಹಾಲಿಗೆ ಸ್ವಲ್ಪವೇ ಹುಳಿ ಸಾಕು. ಡಿಕಾಕ್ಷನ್ನಿನ ಪಿಎಚ್ ಸುಮಾರು 5. ಬೆಲ್ಲವೂ ಕೊಂಚ ಹುಳಿಯೇ, ಜೊತೆಗೆ ಅದರಲ್ಲಿರುವ ಕ್ಯಾಲ್ಸಿಯಂ ಮುಂತಾದ ಲವಣಗಳು ಕೇಸೀನ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ನೆರವಾಗುತ್ತವೆ. ಬಿಸಿ, ಹುಳಿ, ಲವಣ ಈ ಮೂರೂ ಒಂದೇ ಲೋಟದಲ್ಲಿ ಸೇರುವುದರಿಂದಲೇ ಬಿಳಿ ಸಕ್ಕರೆಯ ಕಾಫಿಗೆ ಬಾರದ ತೊಂದರೆ ಬೆಲ್ಲದ ಕಾಫಿಗೆ ಬರುತ್ತದೆ.

ಇದನ್ನು ಪರೀಕ್ಷಿಸಲು ಮನೆಯಲ್ಲಿದ್ದ ಎರಡು ಬೆಲ್ಲಗಳನ್ನು ಒಂದಕ್ಕೆ ಹತ್ತರಂತೆ ನೀರಿನಲ್ಲಿ ಕರಗಿಸಿ ಪಿಎಚ್ ಕಾಗದ ಅದ್ದಿದೆ. ಇನ್ನೂ ಗಟ್ಟಿಯಾಗಿದ್ದ ಹೊಸ ಅಚ್ಚು ಬೆಲ್ಲ 6 ತೋರಿಸಿತು. ಕಳೆದ ಮಳೆಗಾಲವನ್ನು ಡಬ್ಬಿಯಲ್ಲಿ ಕಳೆದು ಬೆವರಿ ಮೆತ್ತಗಾಗಿದ್ದ ಬೆಲ್ಲ 5 ತೋರಿಸಿತು. ಗಟ್ಟಿ ಪಾಕವನ್ನು ಹಾಗೆಯೇ ಅದ್ದಿದರೆ ಅದರ ಕಂದು ಬಣ್ಣ ಕಾಗದದ ಬಣ್ಣವನ್ನು ಮುಚ್ಚಿಬಿಡುವುದರಿಂದ ತೆಳು ಮಾಡಿಯೇ ನೋಡಬೇಕು. ಕಾಗದವಿಲ್ಲದವರು ಒಂದು ಚಮಚ ಬೆಲ್ಲದ ನೀರನ್ನು ನಾಲ್ಕು ಚಮಚ ಹಾಲಿನೊಂದಿಗೆ ಸೇರಿಸಿ ಕುದಿಸಿ ನೋಡಬಹುದು. ಕುದಿಗೂ ಒಡೆಯದ ಬೆಲ್ಲ ಲೋಟದಲ್ಲಿ ಒಡೆಯುವುದಿಲ್ಲ.

ಹೊಸ ಬೆಲ್ಲದ ಪಾಕವನ್ನು ಕುದಿಯುತ್ತಿರುವ ಹಾಲಿಗೆ ಹಾಕಿದಾಗ ಹಾಲು ಪೂರ್ತಿ ಒಡೆಯದಿದ್ದರೂ ಪಾತ್ರೆಯ ಗೋಡೆಯಲ್ಲಿ ರವೆಯಂಥ ಸಣ್ಣ ಕಣಗಳು ಕಂಡವು. ಅದೇ ಪಾಕವನ್ನು ಮೊದಲು ಡಿಕಾಕ್ಷನ್ನಿಗೆ ಬೆರೆಸಿ, ಹಾಲನ್ನು ಕುದಿಸಿ ಒಲೆಯಿಂದಿಳಿಸಿ ಎರಡು ನಿಮಿಷ ಬಿಟ್ಟು, ತೆಳು ಧಾರೆಯಾಗಿ ಸುರಿಯುತ್ತ ಕಲಕಿದಾಗ ಕಾಫಿ ನಯವಾಗಿಯೇ ಬಂತು. ಒಮ್ಮೆ ಬೆರೆತ ಕಾಫಿಯನ್ನು ಮತ್ತೆ ಒಲೆಗೆ ಏರಿಸಿದರೆ ಈ ಎಚ್ಚರಿಕೆಯೆಲ್ಲ ವ್ಯರ್ಥ. ತಡವಾಗಿ ಏಳುವವರಿಗಾಗಿ ಬಿಸಿ ಮಾಡಿದ ಬೆಲ್ಲದ ಕಾಫಿ ನಮ್ಮಲ್ಲಿ ಎರಡು ಬಾರಿ ಚರಂಡಿ ಸೇರಿತು. ಹಿಂದಿನ ರಾತ್ರಿಯ ಡಿಕಾಕ್ಷನ್ನೂ ಅನುಮಾನಕ್ಕೆ ಅರ್ಹವೇ, ಏಕೆಂದರೆ ಇಟ್ಟಷ್ಟೂ ಅದರ ಹುಳಿ ಏರುತ್ತದೆ.

ಮೆತ್ತಗಾದ ಹಳೆಯ ಬೆಲ್ಲದ ಪಾಕ ಈ ಕ್ರಮಕ್ಕೂ ಮಣಿಯಲಿಲ್ಲ. ಅದಕ್ಕೆ 270 ಗ್ರಾಂ ಪಾಕಕ್ಕೆ 0.3 ಗ್ರಾಂನಷ್ಟು ಅಡುಗೆ ಸೋಡ ಸೇರಿಸಿದೆ. ಪಾಕ ನೊರೆಯೆದ್ದು ಇಳಿಯಿತು, ಮರುದಿನ ಕಾಫಿ ಒಡೆಯಲಿಲ್ಲ. ಧೈರ್ಯ ಬಂದು ಇನ್ನೊಂದು ಚಿಕ್ಕ ಪಾಲಿಗೆ ಅದರ ಮೂರರಷ್ಟು ಪ್ರಮಾಣದಲ್ಲಿ ಹಾಕಿ ನೋಡಿದಾಗ ಕಾಫಿಗೆ ಸಾಬೂನಿನ ರುಚಿ ಬಂದು, ಡಿಕಾಕ್ಷನ್ನಿನ ಚುರುಕೆಲ್ಲ ಸತ್ತುಹೋಯಿತು. ಕಾಫಿಯ ಹುಳಿ ಅದರ ರುಚಿಯ ಒಂದು ಭಾಗವೇ ಆದುದರಿಂದ ಸೋಡ ಅದನ್ನೂ ನುಂಗುತ್ತದೆ. ಈ ಕಾರಣಕ್ಕೆ ಸೋಡವನ್ನು ನಾನು ಕೊನೆಯ ಉಪಾಯವಾಗಿ ಮಾತ್ರ ಇಟ್ಟುಕೊಂಡಿದ್ದೇನೆ. ಹಳೆಯ ಬೆಲ್ಲ ಗೊಜ್ಜಿಗೆ ಹೋಗಲಿ.

ಕೊಡಗಿನ ಬೆಲ್ಲದ ಕಾಫಿಯಲ್ಲಿ ಈ ಸಮಸ್ಯೆಯೇ ಇಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿ ನೀರಿಗೆ ಬೆಲ್ಲ ಹಾಕಿ ಕುದಿಸಿ, ಕಾಫಿ ಪುಡಿ ಸೇರಿಸಿ, ಗಸಿ ಇಳಿದ ಮೇಲೆ ಸೋಸಿ ಹಾಲಿಲ್ಲದೆ ಕುಡಿಯುತ್ತಾರೆ. ಒಡೆಯಲು ಹಾಲೇ ಇಲ್ಲ.

ನಾಲ್ಕು ಲೋಟ, ಒಂದೇ ಅಳತೆಯ ಸಕ್ಕರೆ

ರುಚಿಯನ್ನು ಹೋಲಿಸುವಾಗ ಚಮಚಗಳನ್ನು ಸಮ ಮಾಡಿದರೆ ಪ್ರಯೋಜನವಿಲ್ಲ, ಸಕ್ಕರೆಯನ್ನು ಸಮ ಮಾಡಬೇಕು. ಒಂದು ಲೋಟಕ್ಕೆ 8 ಗ್ರಾಂ ಎಂದು ನಿಗದಿ ಮಾಡಿದೆ. ಬಿಳಿ ಸಕ್ಕರೆ 8 ಗ್ರಾಂ, ಬೆಲ್ಲದ ಪಾಕ 12 ಗ್ರಾಂ, ಜೇನುತುಪ್ಪ 10 ಗ್ರಾಂ, ಮತ್ತು ಸಕ್ಕರೆಯನ್ನು ನೀರಿಲ್ಲದೆ ಬಾಣಲೆಯಲ್ಲಿ ಕೆಂಪಗೆ ಕರಗಿಸಿ ಬಿಸಿ ನೀರು ಬೆರೆಸಿ ಮಾಡಿದ ಕ್ಯಾರಮೆಲ್ ಸಿರಪ್ 12 ಗ್ರಾಂ. ಜೇನಿನಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಇರುವುದರಿಂದ ಅದಕ್ಕೆ 10 ಗ್ರಾಂ. ಲೋಟಗಳ ತಳಕ್ಕೆ ಅಂಕಿ ಅಂಟಿಸಿ, ಅಮ್ಮನಿಗೂ ಪಕ್ಕದ ಮನೆಯ ಚಿಕ್ಕಮ್ಮನಿಗೂ ಕೊಟ್ಟೆ.

ಬಿಳಿ ಸಕ್ಕರೆಯ ಲೋಟವನ್ನು ಇಬ್ಬರೂ ಮೊದಲ ಗುಟುಕಿನಲ್ಲೇ ಗುರುತಿಸಿದರು. ಅದು ತನ್ನದೇ ಆದ ವಾಸನೆಯನ್ನು ತರುವುದಿಲ್ಲ. ಕಹಿಯನ್ನು ನಾಲಿಗೆಯಲ್ಲಿ ತಗ್ಗಿಸಿ ಕಾಫಿಯನ್ನು ಕಾಫಿಯಾಗಿಯೇ ಬಿಡುತ್ತದೆ.

ಬೆಲ್ಲದ ಲೋಟದ ಬಗ್ಗೆ ಚಿಕ್ಕಮ್ಮನಿಗೆ ಸಂತೋಷ, ಅಮ್ಮನಿಗೆ ಅಸಮಾಧಾನ. “ಇದು ಕಾಫಿಯಲ್ಲ, ಬಿಸಿ ಪಾನಕ” ಎಂದು ಅವರು ಲೋಟವನ್ನು ಸರಿಸಿದರು. ಆ ಮಾತಿನ ಹಿಂದೆ ಒಂದು ನಿಜವಾದ ದೋಷವಿತ್ತೆಂಬುದು ಎರಡು ದಿನ ಕಳೆದ ಮೇಲೆ ಹೊಳೆಯಿತು. ನಮ್ಮ ಪುಡಿಯಲ್ಲಿ ನೂರಕ್ಕೆ 30 ಭಾಗ ಚಿಕೋರಿ. ಹುರಿದ ಚಿಕೋರಿ ಬೇರಿಗೆ ಅದರದೇ ಆದ ಸುಟ್ಟ ಸಕ್ಕರೆಯಂಥ ಕಮಟು ಸಿಹಿ ಇದೆ, ಬೆಲ್ಲಕ್ಕೂ ಅದೇ ದಿಕ್ಕಿನ ರುಚಿ ಇದೆ, ಜೊತೆಗೆ ತುಸು ಉಪ್ಪು. ಎರಡೂ ಒಂದರ ಮೇಲೊಂದು ಬಿದ್ದಾಗ ಕಾಫಿಯ ಬೀಜದ ರುಚಿ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂಗಡಿಯವರಿಂದ 90:10ರ ಪುಡಿ ಹಾಕಿಸಿಕೊಂಡು ಬಂದು ಅದೇ 12 ಗ್ರಾಂ ಪಾಕದಲ್ಲಿ ಮಾಡಿಕೊಟ್ಟಾಗ ಅಮ್ಮ ಏನೂ ಹೇಳದೆ ಪೂರ್ತಿ ಕುಡಿದರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆ. ಬೆಲ್ಲಕ್ಕೆ ಬದಲಾಯಿಸುವವರು ಸಿಹಿಯ ಜೊತೆಗೆ ಚಿಕೋರಿಯನ್ನೂ ಬದಲಾಯಿಸಬೇಕೆಂಬುದು ಈ ಪ್ರಯೋಗದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಂಗತಿ. ಪುಡಿ ಬದಲಾದಾಗ ಡಿಕಾಕ್ಷನ್ ತೆಳುವಾದಂತೆ ಕಾಣುತ್ತದೆ, ಬಣ್ಣವನ್ನೂ ಮೈಯನ್ನೂ ಕೊಡುತ್ತಿದ್ದುದು ಬಹುಪಾಲು ಚಿಕೋರಿಯೇ. ಆದ್ದರಿಂದ ಫಿಲ್ಟರಿಗೆ ಒಂದು ಚಮಚ ಪುಡಿ ಹೆಚ್ಚು ಹಾಕುತ್ತಿದ್ದೇನೆ.

ಜೇನುತುಪ್ಪದ ಲೋಟ ಇಬ್ಬರಿಗೂ ಒಗ್ಗಲಿಲ್ಲ. ಮೊದಲಿಗೆ ಹೂವಿನ ಪರಿಮಳವೂ ಸಣ್ಣ ಹುಳಿಯೂ ಬಂದು, ಕೊನೆಯಲ್ಲಿ ಕಾಫಿಯ ಕಹಿ ಒಂಟಿಯಾಗಿ ಉಳಿಯುತ್ತದೆ. ಬಿಸಿ ಹೆಚ್ಚಿದ್ದರೆ ಆ ಪರಿಮಳವೂ ಹಾರಿಹೋಗುತ್ತದೆ. ಜೇನಿನ ಸಿಹಿಯಲ್ಲಿ ದೊಡ್ಡ ಪಾಲು ಫ್ರಕ್ಟೋಸಿನದು, ಮತ್ತು ಫ್ರಕ್ಟೋಸ್ ತಣ್ಣಗಿದ್ದಾಗ ಸಕ್ಕರೆಗಿಂತ ಹೆಚ್ಚು ಸಿಹಿಯಾಗಿ, ಬಿಸಿಯಾದಾಗ ಅಣುವಿನ ರೂಪ ಬದಲಾಗಿ ಕಡಿಮೆ ಸಿಹಿಯಾಗಿ ಕಾಣುವ ವಿಚಿತ್ರ ವಸ್ತು. ಬಿಸಿ ಕಾಫಿಗೆ ಜೇನು ಸಾಲದೆಂದು ಇನ್ನೊಂದು ಚಮಚ ಹಾಕಿಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಒಂದು ಚಮಚ ಜೇನು ಭಾರವಾಗಿದ್ದು ಸುಮಾರು 7 ಗ್ರಾಂ ತೂಗುತ್ತದೆ, ನೀರನ್ನು ಕಳೆದರೂ ಅದರಲ್ಲಿ ಐದೂವರೆ ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಸಮತಟ್ಟಾದ ಚಮಚ ಬಿಳಿ ಸಕ್ಕರೆಗಿಂತ ಇದು ಹೆಚ್ಚೇ. ಹಾಲಿಲ್ಲದೆ ಕುಡಿಯುವ ತಣ್ಣನೆಯ ಕಾಫಿಯಲ್ಲಿ ಮಾತ್ರ ಜೇನು ತನ್ನ ಬೆಲೆ ತೋರಿಸಿತು. ಅಲ್ಲಿ 8 ಗ್ರಾಂ ಬದಲು 6 ಗ್ರಾಂ ಸಕ್ಕರೆಯಷ್ಟು ಜೇನು ಸಾಕಾಯಿತು. ಹೂಮಳೆಯ ನಂತರ ಕಾಫಿ ತೋಟಗಳಲ್ಲಿ ಕೂಡುವ ಜೇನು ಸಿಕ್ಕಿದರೆ ಅದನ್ನು ಹೀಗೆ ತಣ್ಣಗೆ ಬಳಸುವುದೇ ನ್ಯಾಯ.

ಕ್ಯಾರಮೆಲ್ ಸಿರಪ್ಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಕ್ಕರೆ ಕೆಂಪಾದಷ್ಟೂ ಸಿಹಿ ಇಳಿದು ಕಹಿ ಏರುತ್ತದೆ, ಕಹಿಯಾದ ಕಾಫಿಗೆ ಕಹಿಯಾದ ಸಿರಪ್ ಹಾಕಿದಾಗ ಸಿಹಿಗಾಗಿ ಮತ್ತಷ್ಟು ಸುರಿಯಬೇಕಾಗುತ್ತದೆ. ಸಿರಪ್ಪುಗಳ ನಿಜವಾದ ಉಪಯೋಗ ಐಸ್ ಹಾಕಿದ ಕಾಫಿಯಲ್ಲಿ, ಏಕೆಂದರೆ ಅಲ್ಲಿ ಹರಳು ಸಕ್ಕರೆ ಕರಗದೆ ತಳದಲ್ಲಿ ಕೂರುತ್ತದೆ. ಅಂಗಡಿಯಿಂದ ಸುವಾಸನೆಯ ಸಿರಪ್ ತರುವವರು ಬಾಟಲಿಯ ಹಿಂದಿನ ಕೋಷ್ಟಕದಲ್ಲಿ 100 ಮಿಲಿಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಎಂಬ ಸಾಲನ್ನು ನೋಡಿ, ತಮ್ಮ ಪಂಪಿನ ಒಂದು ಒತ್ತಿಗೆ ಎಷ್ಟು ಮಿಲಿಲೀಟರ್ ಬರುತ್ತದೆಂದು ಹತ್ತು ಸಲ ಒತ್ತಿ ಅಳೆದು ಹತ್ತರಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ.

39ರಿಂದ 20ಕ್ಕೆ

ಅಮ್ಮನ 13 ಗ್ರಾಂ ಸಕ್ಕರೆಗೆ ಸಮನಾದುದು ಔಷಧದ ಮುಚ್ಚಳದಲ್ಲಿ 15 ಮಿಲಿಲೀಟರ್ ಬೆಲ್ಲದ ಪಾಕ, ಅದರಲ್ಲಿ 13.2 ಗ್ರಾಂ. ಮೊದಲ ಹತ್ತು ದಿನ ಅಷ್ಟನ್ನೇ ಕೊಟ್ಟೆ. ಆ ಅವಧಿಯಲ್ಲಿ ಬೆಲ್ಲ ಬಂದಿತ್ತು, ಸಕ್ಕರೆ ಒಂದು ಗ್ರಾಂ ಕೂಡ ಇಳಿದಿರಲಿಲ್ಲ. ಬೆಲ್ಲದಲ್ಲಿ ಕಬ್ಬಿಣವಿದೆಯೆಂಬ ಸಮಾಧಾನವನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. 100 ಗ್ರಾಂ ಬೆಲ್ಲದಲ್ಲೇ ಅದು ಕೆಲವು ಮಿಲಿಗ್ರಾಂ ಮಾತ್ರ, ಒಂದು ಲೋಟಕ್ಕೆ ಬರುವುದು ಅದರ ಸುಮಾರು ಏಳನೆಯ ಒಂದು ಪಾಲು, ಮತ್ತು ಸಸ್ಯಮೂಲದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುವ ವಸ್ತುಗಳು ಕಾಫಿಯಲ್ಲಿಯೇ ಇವೆ. ಸಕ್ಕರೆ ಕಾಯಿಲೆ ಇರುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಬೆಲ್ಲದ ಬಹುಪಾಲು ಸುಕ್ರೋಸೇ ಆಗಿರುವುದರಿಂದ ರಕ್ತದಲ್ಲಿ ಅದು ಬಿಳಿ ಸಕ್ಕರೆಯಂತೆಯೇ ನಡೆದುಕೊಳ್ಳುತ್ತದೆ.

ಅನಂತರ ಹತ್ತು ದಿನಕ್ಕೊಮ್ಮೆ ಎರಡೂವರೆ ಮಿಲಿಲೀಟರ್ ಇಳಿಸುತ್ತ ಬಂದೆ: 12.5, 10, ಕೊನೆಗೆ 7.5. ಮೊದಲ ಇಳಿಕೆ ಅಮ್ಮನಿಗೆ ಗೊತ್ತೇ ಆಗಲಿಲ್ಲ. ಅದಕ್ಕೆ ಒಂದು ಕಾರಣ ಲೋಟದ ತಳದಲ್ಲಿತ್ತು. ಹಿಂದೆ ಅವರು ಸರಿಯಾಗಿ ಕಲಕದೆ ಕುಡಿಯುತ್ತಿದ್ದುದರಿಂದ ಸಕ್ಕರೆಯ ಒಂದು ಪಾಲು ಕೊನೆಯ ಗುಟುಕಿನಲ್ಲಿ ಮಾತ್ರ ಸಿಗುತ್ತಿತ್ತು. ಡಿಕಾಕ್ಷನ್ನಿಗೇ ಬೆರೆತ ಪಾಕದ ಸಿಹಿ ಮೊದಲ ಗುಟುಕಿನಿಂದಲೇ ಇರುತ್ತದೆ. 10ಕ್ಕೆ ಇಳಿಸಿದಾಗ “ಇವತ್ತು ಡಿಕಾಕ್ಷನ್ ಗಟ್ಟಿಯಾಯಿತೇನೋ” ಎಂದರು. ಅದು ಸಿಹಿ ಕಡಿಮೆಯಾದಾಗ ಎದ್ದುಕಾಣುವ ಕಹಿ. ಡಿಕಾಕ್ಷನ್ನನ್ನು 40ರಿಂದ 35 ಮಿಲಿಲೀಟರಿಗೆ ಇಳಿಸಿದ ಮೇಲೆ ಆ ದೂರು ನಿಂತಿತು. 7.5ರಲ್ಲಿ 6.6 ಗ್ರಾಂ ಸಕ್ಕರೆ, ಮೂರು ಲೋಟಕ್ಕೆ 20 ಗ್ರಾಂಗಿಂತ ತುಸು ಕಡಿಮೆ. ಅದಕ್ಕಿಂತ ಕೆಳಗೆ 5ಕ್ಕೆ ಇಳಿಸಿದ ದಿನ ಅವರು ಸಕ್ಕರೆ ಡಬ್ಬಿಯನ್ನು ತಾವೇ ಹುಡುಕಿ ತೆಗೆದರು, ಆದ್ದರಿಂದ ಮರುದಿನವೇ 7.5ಕ್ಕೆ ಹಿಂದಿರುಗಿದೆ.

ಮೂರನೆಯ ಬಾಟಲಿ ಫ್ರಿಜ್ಜಿನಲ್ಲಿ ಒಂದಷ್ಟು ಹರಳು ಹಿಡಿಯಿತು, ತಂಪಿನಲ್ಲಿ ಕರಗುವ ಮಿತಿ ಇಳಿಯುವುದರಿಂದ. ಬಿಸಿ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಅಲ್ಲಾಡಿಸಿದರೆ ಹರಳು ಕರಗುತ್ತದೆ, ಕರಗಿಸದೆ ಅಳೆಯಬಾರದು. ಅಮ್ಮನೊಬ್ಬರೇ ಬಳಸಿದರೂ ಒಂದು ಬಾಟಲಿ ಈಗಿನ ಅಳತೆಯಲ್ಲಿ ಒಂಬತ್ತು ದಿನಕ್ಕೆ ಮುಗಿಯುವುದರಿಂದ ಹುಳಿ ಹಿಡಿಯುವಷ್ಟು ಕಾಲ ಅದು ಉಳಿಯುವುದೂ ಇಲ್ಲ. ಮುಚ್ಚಳದ ಮೇಲೆ ಕಾಯಿಸಿದ ದಿನಾಂಕವನ್ನೂ ‘6 ಗ್ರಾಂ = 4 ಗ್ರಾಂ’ ಎಂಬುದನ್ನೂ ಬರೆದು ಅಂಟಿಸಿದ್ದೇನೆ. ಮುಂದಿನ ಬಾಟಲಿಗೆ ಮಲೆನಾಡಿನ ಜೋನಿ ಬೆಲ್ಲವನ್ನು ತರಿಸಿದ್ದೇನೆ. ಅದು ದ್ರವವಾಗಿಯೇ ಬರುವುದರಿಂದ ಕರಗಿಸುವ ಕೆಲಸವಿಲ್ಲ, ಆದರೆ ಅದರೊಳಗಿನ ನೀರಿನ ಪ್ರಮಾಣ ಡಬ್ಬಿಯಿಂದ ಡಬ್ಬಿಗೆ ಬೇರೆಯಾಗುವುದರಿಂದ 90ರ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಔಷಧದ ಮುಚ್ಚಳದಲ್ಲಿ ಸರಿಯಾಗಿ 10 ಮಿಲಿಲೀಟರ್ ಅಳೆದು ತೂಗಿ, 13.3 ಗ್ರಾಂಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ತೂಗುತ್ತದೆ ಎಂಬುದನ್ನು ಮೊದಲು ನೋಡಬೇಕಾಗಿದೆ.